42 ಸ್ಲೈಡು, ಒಂದೇ ಪುಟ

ಹಾಸನದಲ್ಲಿ ಕಾಫಿ ವರ್ಕ್ಸ್ ನಡೆಸುವ ನನ್ನ ದೊಡ್ಡಪ್ಪನ ಮಗ ಕಳೆದ ತಿಂಗಳು ಫೋನಿಗೆ ಒಂದು ಪಿಪಿಟಿ ಕಳಿಸಿದ. ಹಿಂದೆಯೇ ಕರೆ ಬಂತು. "ಸೋಮವಾರ ಮೈಸೂರಿನ ಡಿಸ್ಟ್ರಿಬ್ಯೂಟರ್ ಹತ್ರ ಕೂತು ಮಾತಾಡ್ಬೇಕು ಕಣೋ. ಇದನ್ನ ಒಂದು ಪುಟಕ್ಕೆ ಇಳಿಸಿಕೊಡು. ಯಾರು ಏನು ಕೊಡ್ತಾರೆ, ಎಷ್ಟಕ್ಕೆ ಕೊಡ್ತಾರೆ, ಎಲ್ಲಿ ಸೋಲ್ತಾರೆ, ಅಷ್ಟು ಗೊತ್ತಾದ್ರೆ ಸಾಕು."

ಫೈಲು ತೆರೆದರೆ 42 ಸ್ಲೈಡು. ಮೈಸೂರಿನಲ್ಲಿ ಫಿಲ್ಟರ್ ಕಾಫಿ ಪುಡಿ ಮಾರುವ ನಾಲ್ಕು ಪ್ರತಿಸ್ಪರ್ಧಿಗಳ ವಿಶ್ಲೇಷಣೆ ಅದು. ಒಬ್ಬ ಸಲಹೆಗಾರರಿಗೆ ಹಣ ಕೊಟ್ಟು ಮಾಡಿಸಿದ್ದು. ಕೊನೆಯ ಸ್ಲೈಡಿನಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ಮಾತು: ಬೆಲೆ ಇಳಿಸಿ. ಅಣ್ಣನ ಪುಡಿ 80:20, ಅಂದರೆ ನೂರಕ್ಕೆ 80 ಪಾಲು ಕಾಫಿ, 20 ಪಾಲು ಚಿಕೋರಿ. 250 ಗ್ರಾಂ ಪ್ಯಾಕೆಟ್ಟಿಗೆ 190 ರೂಪಾಯಿ. ಅದನ್ನು 160ಕ್ಕೆ ತರಬೇಕು ಎಂಬುದು ಸಲಹೆ. ಕಾಫಿ ಬೀಜದ ದರ 2024ರಿಂದ 2025ರವರೆಗೆ ಏರಿದ ರೀತಿಯನ್ನು ಕಂಡವರಿಗೆ ಪ್ಯಾಕೆಟ್ಟಿಗೆ 30 ರೂಪಾಯಿ ಬಿಡುವುದೆಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಣ್ಣ ಎರಡು ರಾತ್ರಿ ನಿದ್ದೆಗೆಟ್ಟಿದ್ದ.

ಆ ಪಿಪಿಟಿ ಒಂದು ಪುಟದ ಕೋಷ್ಟಕವಾದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರುಗಳ ಬದಲು ಅ, ಆ, ಇ, ಈ ಎಂದು ಇಟ್ಟುಕೊಂಡಿದ್ದೇನೆ. ವ್ಯಾಪಾರದ ಗುಟ್ಟು ಹೊರಬೀಳದಿರಲೆಂದು ಅಂಕಿಗಳನ್ನೂ ಬದಲಿಸಿದ್ದೇನೆ. ಲೆಕ್ಕದ ದಾರಿ ಮಾತ್ರ ಹೇಗಿತ್ತೋ ಹಾಗೇ ಇದೆ. ಅ ಎಂದರೆ ದೇಶದಾದ್ಯಂತ ಸಿಗುವ ದೊಡ್ಡ ಕಂಪನಿಯ ಪುಡಿ. ಆ ಎಂದರೆ ನಮ್ಮ ರಾಜ್ಯದ್ದೇ ಒಂದು ಹಳೆಯ ಹೆಸರು, ಸ್ವಂತ ಅಂಗಡಿಗಳೂ ಇವೆ, ಸೂಪರ್ ಮಾರ್ಕೆಟ್ಟಿನಲ್ಲೂ ಸಿಗುತ್ತದೆ. ಇ ಎಂದರೆ ಆನ್‌ಲೈನಿನಲ್ಲಿ ಮಾತ್ರ ಸಿಗುವ, ಒಂದೇ ಎಸ್ಟೇಟಿನ ಚಿಕೋರಿಯಿಲ್ಲದ ಕಾಫಿ. ಈ ಎಂದರೆ ಮೈಸೂರಿನ ಒಂದು ಗಿರಣಿ, ಬೀಜವನ್ನು ಗಿರಾಕಿಯ ಕಣ್ಣೆದುರೇ ಪುಡಿ ಮಾಡಿ ಕೊಡುವ ಅಂಗಡಿ.

ಪಿಪಿಟಿಯನ್ನು ಮೊದಲಿಂದ ಓದುತ್ತಾ ಸ್ಲೈಡಿಗೊಂದು ಸಾಲು ಬರೆದುಕೊಂಡು ಹೋಗುವುದು ಎಲ್ಲರೂ ಮಾಡುವ ಕೆಲಸ. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಅದರಿಂದ ಸಿಗುವುದು ಸಣ್ಣ ಪಿಪಿಟಿ, ಕೋಷ್ಟಕವಲ್ಲ. ಸ್ಲೈಡು ಇರುವುದು ಒಬ್ಬರು ಎದ್ದುನಿಂತು ಮಾತಾಡುವುದಕ್ಕೆ. ಒಂದೊಂದು ಸ್ಲೈಡೂ ಒಂದೊಂದು ವಾದ ಹೂಡುತ್ತದೆ, ಆ ವಾದಕ್ಕೆ ಬೇಕಾದ ಅಂಕಿಯನ್ನಷ್ಟೇ ತರುತ್ತದೆ. ಅ ಬಗ್ಗೆ ಹೇಳುವಾಗ ಜಾಹೀರಾತಿನ ಖರ್ಚು, ಇ ಬಗ್ಗೆ ಹೇಳುವಾಗ ಪ್ಯಾಕೆಟ್ಟಿನ ಅಂದ, ಈ ಬಗ್ಗೆ ಹೇಳುವಾಗ ಅಂಗಡಿಯ ವಯಸ್ಸು. ಕೋಷ್ಟಕದಲ್ಲಿ ಒಂದೇ ಪ್ರಶ್ನೆಯನ್ನು ಎಲ್ಲರಿಗೂ ಕೇಳಬೇಕು. ಹಾಗಾಗಿ ನಾನು ಮೊದಲು ಬರೆದುಕೊಂಡದ್ದು ಅಣ್ಣ ಸೋಮವಾರ ತೀರ್ಮಾನಿಸಬೇಕಾದ ವಿಷಯವನ್ನು: ಮೈಸೂರಿನ ಸೂಪರ್ ಮಾರ್ಕೆಟ್ ಕಪಾಟಿನಲ್ಲಿ ನಮ್ಮ 80:20 ಪುಡಿಯನ್ನು 190 ರೂಪಾಯಿಗೆ ಇಡಬಹುದೇ? ಇದಕ್ಕೆ ಉತ್ತರ ಕೊಡಲು ನೆರವಾಗದ ಸ್ಲೈಡುಗಳನ್ನೆಲ್ಲ ಪಕ್ಕಕ್ಕಿಟ್ಟೆ. ಕಂಪನಿಗಳ ಇತಿಹಾಸ, ಇನ್‌ಸ್ಟಾಗ್ರಾಂ ಫಾಲೋವರ್ಸ್, ಲೋಗೋದ ಬಣ್ಣ, ಎಲ್ಲ ಹೋಯಿತು. 42ರಲ್ಲಿ 13 ಉಳಿಯಿತು.

ಬೆಲೆಯ ಸಾಲಿನಿಂದ ಶುರು ಮಾಡಿದೆ. ಒಂಬತ್ತನೇ ಸ್ಲೈಡಿನಲ್ಲಿ ಒಂದು ಬಾರ್ ಚಾರ್ಟ್ ಇತ್ತು: ಅ 140, ಈ 160, ನಮ್ಮದು 190, ಆ 350, ಇ 450. ನೋಡಿದ ತಕ್ಷಣ ದೊಡ್ಡ ಕಂಪನಿ ಅತ್ಯಂತ ಅಗ್ಗ, ನಾವು ಮಧ್ಯದಲ್ಲಿ ಸಿಕ್ಕಿಕೊಂಡಿದ್ದೇವೆ ಅನಿಸುತ್ತದೆ. "ಬೆಲೆ ಇಳಿಸಿ" ಎಂಬ ಮಾತಿನ ಬೇರು ಇಲ್ಲೇ ಇತ್ತು. ಆದರೆ ಅ ಪ್ಯಾಕೆಟ್ 200 ಗ್ರಾಂ, ನಮ್ಮದು 250, ಆ 500. ಮೂರು ಬೇರೆ ಬೇರೆ ತೂಕಗಳನ್ನು ಒಂದೇ ಚಾರ್ಟಿನಲ್ಲಿ ನಿಲ್ಲಿಸಿದ್ದರು. ಎಕ್ಸೆಲ್‌ನಲ್ಲಿ ಬೆಲೆ C ಕಾಲಂ, ಗ್ರಾಂ D ಕಾಲಂ ಆದರೆ, ಒಂದು ಸೂತ್ರ ಹಾಕಿದರೆ ಎಲ್ಲವೂ ಕಿಲೋ ಲೆಕ್ಕಕ್ಕೆ ಬರುತ್ತದೆ:

```
=ROUND(C2/D2*1000,0)
```

ಹಾಕಿದೆ. ಅ ಕಿಲೋಗೆ 700, ಆ ಕೂಡ 700, ಇ 1,800, ಈ 640, ನಾವು 760. ಚಾರ್ಟಿನ ಅಂತರ ಕುಗ್ಗಿತು, ಆದರೂ ನಾವು ಅ ಮತ್ತು ಆ ಎರಡಕ್ಕಿಂತ ದುಬಾರಿಯಾಗೇ ಕಂಡೆವು.

ಅಷ್ಟರಲ್ಲಿ 27ನೇ ಸ್ಲೈಡು ಕಣ್ಣಿಗೆ ಬಿತ್ತು. ಅಲ್ಲಿ ಅದೇ ಅ ಪ್ಯಾಕೆಟ್ಟಿಗೆ 165 ರೂಪಾಯಿ ಎಂದಿತ್ತು. ಒಂದೇ ಫೈಲಿನಲ್ಲಿ ಒಂದೇ ಸರಕಿಗೆ ಎರಡು ಬೆಲೆ. ಇಂಥ ಕಡೆ ಸರಾಸರಿ ತೆಗೆದು 152.50 ಎಂದು ಬರೆದುಬಿಡುವವರಿದ್ದಾರೆ. ಅಂಥ ಬೆಲೆಗೆ ಯಾವ ಅಂಗಡಿಯಲ್ಲೂ ಯಾರೂ ಅದನ್ನು ಕೊಂಡಿರುವುದಿಲ್ಲ. ಎರಡು ಅಂಕಿ ಎದುರಾದಾಗ ಕೇಳಬೇಕಾದದ್ದು, ಇವೆರಡೂ ಒಂದೇ ಜಾತಿಯ ಬೆಲೆಯೇ ಎಂದು. ಬೆಲೆಯಲ್ಲಿ ಕನಿಷ್ಠ ಮೂರು ಜಾತಿ ಇವೆ: ಪ್ಯಾಕೆಟ್ಟಿನ ಮೇಲೆ ಅಚ್ಚಾದ ಎಂಆರ್‌ಪಿ, ಗಿರಾಕಿ ಆ ದಿನ ನಿಜವಾಗಿ ಕೊಟ್ಟ ಬೆಲೆ, ಅಂಗಡಿಯವರಿಗೆ ಬಂದು ಬೀಳುವ ಬೆಲೆ. ಒಂಬತ್ತನೇ ಸ್ಲೈಡಿನ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಒಂದು ಆನ್‌ಲೈನ್ ಅಂಗಡಿಯ ಹೆಸರೂ ತಾರೀಖೂ ಇದ್ದವು. ಹಬ್ಬದ ಆಫರಿನ ವಾರ ಅದು. ಅಂದರೆ ಅವರ ಆಫರ್ ಬೆಲೆಯನ್ನು ನಮ್ಮ ಎಂಆರ್‌ಪಿ ಪಕ್ಕದಲ್ಲಿ ನಿಲ್ಲಿಸಿದ್ದರು.

ಶನಿವಾರ ಬೆಳಿಗ್ಗೆ ಅಣ್ಣನನ್ನು ಕರೆದುಕೊಂಡು ಹಾಸನದ ಸೂಪರ್ ಮಾರ್ಕೆಟ್ಟಿಗೆ ಹೋಗಿ ಅ ಮತ್ತು ಆ ಎರಡನ್ನೂ ಕೊಂಡು ತಂದೆ. ಅತ್ತಿಗೆ ಅಂಗಡಿಯ ಗಲ್ಲಾದ ಮೇಲೆ ಅ ಪ್ಯಾಕೆಟ್ ತಿರುಗಿಸಿ ಹಿಡಿದು ಓದಿದರು: ಎಂಆರ್‌ಪಿ 165 ರೂಪಾಯಿ, ಎಲ್ಲ ತೆರಿಗೆ ಸೇರಿ. ಅದರ ಪಕ್ಕದಲ್ಲೇ, ಪ್ರತಿ ಗ್ರಾಂಗೆ 0.83 ರೂಪಾಯಿ. ಪ್ಯಾಕೆಟ್ ಮಾಡಿದ ಸರಕಿನ ಮೇಲೆ ಹೀಗೆ ಗ್ರಾಂ ಲೆಕ್ಕದ ಬೆಲೆ ಅಚ್ಚು ಹಾಕಬೇಕೆಂಬ ನಿಯಮ ಈಗಿದೆ. ಅದನ್ನು ಎರಡು ದಶಮಾಂಶಕ್ಕೆ ಸರಿಹೊಂದಿಸಿರುತ್ತಾರೆ, ಹಾಗಾಗಿ ಸಾವಿರದಿಂದ ಗುಣಿಸಿದರೆ 830 ಬರುತ್ತದೆ. ನಿಜವಾದ ಲೆಕ್ಕ ಕಿಲೋಗೆ 825. ನಮ್ಮದು 760. ಎಂಆರ್‌ಪಿಯನ್ನು ಎಂಆರ್‌ಪಿ ಜೊತೆ ಇಟ್ಟರೆ ದೊಡ್ಡ ಕಂಪನಿಗಿಂತ ನಾವು ಆಗಲೇ ಅಗ್ಗ.

ಅಣ್ಣ ಅದೇ ಪ್ಯಾಕೆಟ್ಟನ್ನು ಇಸಿದುಕೊಂಡು ತಾನೂ ಒಮ್ಮೆ ಓದಿದ. ಏನೂ ಮಾತಾಡಲಿಲ್ಲ.

ಅಲ್ಲಿಂದ ಮುಂದೆ ಕೋಷ್ಟಕದ ಬೆಲೆಯ ಮನೆಗಳಲ್ಲೆಲ್ಲ ಎಂಆರ್‌ಪಿಯನ್ನೇ ಇಟ್ಟೆ, ಪಕ್ಕದಲ್ಲಿ ನೋಡಿದ ತಾರೀಖು. ಎರಡು ಕಡೆ ಟಿಪ್ಪಣಿ ಬೇಕಾಯಿತು. ಇ ಕೊಳ್ಳುವವರು ಒಂದೇ ಪ್ಯಾಕೆಟ್ ತರಿಸಿದರೆ 60 ರೂಪಾಯಿ ಕೊರಿಯರ್ ಸೇರುತ್ತದೆ. ಈ ಗಿರಣಿಯವರದು ಬಿಡಿ ಪುಡಿ, ಎಂಆರ್‌ಪಿ ಎಂಬುದೇ ಇಲ್ಲ, ತೂಗಿ ಕೊಡುವ ದರ. ಜಾತಿ ಬೇರೆಯಾದ ಬೆಲೆಯನ್ನು ಹಾಕಲೇಬೇಕಾದಾಗ ಅದು ಬೇರೆ ಎಂದು ಆ ಮನೆಯೊಳಗೇ ಬರೆದಿರಬೇಕು, ಪುಟದ ಅಡಿಯಲ್ಲಲ್ಲ. ಅಡಿಟಿಪ್ಪಣಿ ಕಳಚಿ ಬಿದ್ದದ್ದರಿಂದಲೇ ಒಂಬತ್ತನೇ ಸ್ಲೈಡಿನ ತಪ್ಪು 42ನೇ ಸ್ಲೈಡಿನ ಸಲಹೆಯಾದದ್ದು.

ಇನ್ನು ಗುಣಗಳ ಸಾಲು. ಪಿಪಿಟಿಯಲ್ಲಿ ಇದ್ದದ್ದೆಲ್ಲ ವಿಶೇಷಣ. ಅ "ಸ್ಟ್ರಾಂಗ್ ಬ್ಲೆಂಡ್", ಆ "ಸಾಂಪ್ರದಾಯಿಕ ರುಚಿ", ಇ "ಪ್ರೀಮಿಯಂ". ಇವನ್ನು ಹಾಗೇ ಮನೆಗಳಿಗೆ ತುಂಬಿದರೆ ಕೋಷ್ಟಕ ಚೆಂದ ಕಾಣುತ್ತದೆ, ಹೋಲಿಕೆ ಆಗುವುದಿಲ್ಲ. ಸ್ಟ್ರಾಂಗ್ ಎಂಬುದನ್ನು ಸಾಂಪ್ರದಾಯಿಕ ಎಂಬುದರ ಎದುರು ತೂಗುವುದು ಹೇಗೆ? ಹಾಗಾಗಿ ವಿಶೇಷಣದ ಹಿಂದೆ ಏನಿರಬಹುದೋ ಅದನ್ನೇ ಪ್ರಶ್ನೆ ಮಾಡಿಕೊಂಡೆ. ಚಿಕೋರಿ ಎಷ್ಟು? ಪುಡಿ ಎಂದಿನದು ಎಂದು ಗಿರಾಕಿಗೆ ಗೊತ್ತಾಗುತ್ತದೆಯೇ? ಪ್ಯಾಕೆಟ್ಟಿಗೆ ವಾಲ್ವ್ ಇದೆಯೇ? ಸಿಗುವ ಅತಿ ಸಣ್ಣ ಪ್ಯಾಕೆಟ್ ಎಷ್ಟು ಗ್ರಾಂ?

ಚಿಕೋರಿಯ ಪ್ರಶ್ನೆಗೆ ಉತ್ತರ ಹುಡುಕುವುದು ಸುಲಭ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51 ಪಾಲಿಗಿಂತ ಕಡಿಮೆ ಇರಕೂಡದು, ಎರಡರ ಪ್ರಮಾಣವನ್ನೂ ಲೇಬಲ್ ಮೇಲೆ ಬರೆಯಬೇಕು ಎಂದು ನಮ್ಮ ಆಹಾರ ನಿಯಮವೇ ಹೇಳುತ್ತದೆ. ಲೇಬಲ್ ನೋಡಿದರೆ, "ಸ್ಟ್ರಾಂಗ್ ಬ್ಲೆಂಡ್" ಎಂದರೆ 60:40. "ಸಾಂಪ್ರದಾಯಿಕ ರುಚಿ" ಎಂದರೆ 70:30. ಇವು ಸಿಕ್ಕ ಮೇಲೆ ಇನ್ನೊಂದು ಸಾಲು ತಾನಾಗಿ ಹುಟ್ಟಿತು. ಕಿಲೋ ಬೆಲೆಯನ್ನು ಕಾಫಿಯ ಪಾಲಿನಿಂದ ಭಾಗಿಸಿದರೆ, ಗಿರಾಕಿ ಕೊಟ್ಟ ಹಣಕ್ಕೆ ಒಳಗಿರುವ ಕಾಫಿ ಯಾವ ದರಕ್ಕೆ ಬಿತ್ತೆಂದು ಅಂದಾಜು ಸಿಗುತ್ತದೆ. ಅ 825ನ್ನು 0.6ರಿಂದ ಭಾಗಿಸಿದರೆ 1,375. ಆ 1,000. ನಮ್ಮದು 950.

ಈ ಸಾಲು ಅಣ್ಣನಿಗೆ ಬಹಳ ಹಿಡಿಸಿತು, ಅದನ್ನೇ ಪೋಸ್ಟರ್ ಮಾಡಿಸಬೇಕೆಂದು ಹೊರಟ. ಅದಕ್ಕೆ ಒಂದು ಮಿತಿ ಇದೆಯೆಂದು ನಾನು ಹೇಳಬೇಕಾಯಿತು. ಈ ಲೆಕ್ಕದಲ್ಲಿ ಚಿಕೋರಿಗೆ ಬೆಲೆಯೇ ಇಲ್ಲವೆಂದು ಹಿಡಿದ ಹಾಗಾಯಿತು, ಅದು ನಿಜವಲ್ಲ. ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು ಎಂಬುದೂ ಇದರಲ್ಲಿ ಕಾಣುವುದಿಲ್ಲ. ಅದಕ್ಕಿಂತ ದೊಡ್ಡ ಮಾತು ಅತ್ತಿಗೆಯಿಂದ ಬಂತು. ಇಪ್ಪತ್ತು ವರ್ಷ ಗಲ್ಲಾದಲ್ಲಿ ಕೂತವರು ಅವರು. "ಚಿಕೋರಿ ಜಾಸ್ತಿ ಬೇಕು ಅಂತ ಕೇಳಿ ಹಾಕಿಸ್ಕೊಂಡು ಹೋಗೋರು ನಮ್ಮಲ್ಲೇ ಎಷ್ಟು ಜನ ಇದಾರೆ ನೋಡು. ಡಿಕಾಕ್ಷನ್ ಗಟ್ಟಿ ಬರುತ್ತೆ, ಹಾಲಿಗೆ ಬಣ್ಣ ಬರುತ್ತೆ, ಪುಡಿನೂ ಕಮ್ಮಿ ಸಾಕಾಗುತ್ತೆ." ಅವರು ಹೇಳಿದ್ದು ಸರಿ. ಚಿಕೋರಿ ಕಾಫಿಗಿಂತ ಹೆಚ್ಚು ನೀರಿನಲ್ಲಿ ಕರಗುತ್ತದೆ. ಹಾಗಾಗಿ ಲೋಟಕ್ಕೆ ಬೀಳುವ ಖರ್ಚು ಬೇರೆಯೇ ಆಗಬಹುದು. ಆ ಸಾಲನ್ನು ಇಟ್ಟೆ, ತಲೆಯಲ್ಲಿ "ಅಂದಾಜು" ಎಂದು ಬರೆದೆ. ಪೋಸ್ಟರ್ ಬೇಡವೆಂದೆ.

ವಾಲ್ವಿನ ವಿಷಯದಲ್ಲಿ ನಾನೇ ತಪ್ಪಿದೆ. ಹೊಸದಾಗಿ ಹುರಿದ ಕಾಫಿಯಿಂದ ಇಂಗಾಲದ ಡೈಆಕ್ಸೈಡ್ ಹೊರಬರುತ್ತಿರುತ್ತದೆ. ಪ್ಯಾಕೆಟ್ಟಿನ ಮೇಲ್ಭಾಗದಲ್ಲಿ ಗುಂಡಿಯ ಹಾಗೆ ಕಾಣುವ ವಾಲ್ವ್ ಆ ಅನಿಲವನ್ನು ಹೊರಗೆ ಬಿಡುತ್ತದೆ, ಹೊರಗಿನ ಗಾಳಿಯನ್ನು ಒಳಗೆ ಬಿಡುವುದಿಲ್ಲ. ಪಿಪಿಟಿಯಲ್ಲಿ ವಾಲ್ವಿನ ಮಾತು ಬಂದದ್ದು ಇ ಬಗ್ಗೆ ಮಾತ್ರ. ಉಳಿದವರ ಮನೆಗಳಲ್ಲಿ ಸರಸರನೆ "ಇಲ್ಲ" ಎಂದು ಟೈಪ್ ಮಾಡಿಬಿಟ್ಟಿದ್ದೆ. ಶನಿವಾರ ತಂದ ಎರಡರಲ್ಲಿ ಆ ಹೆಸರಿನ ಪ್ಯಾಕೆಟ್ಟನ್ನು ಬೆಳಕಿಗೆ ಹಿಡಿದಾಗ ಅದರಲ್ಲಿ ವಾಲ್ವ್ ಇತ್ತು. ಫೈಲಿನಲ್ಲಿ ಹೇಳಿಲ್ಲ ಎಂಬುದು ಒಂದು, ಸರಕಿನಲ್ಲಿ ಇಲ್ಲ ಎಂಬುದು ಇನ್ನೊಂದು. ಕೋಷ್ಟಕದಲ್ಲಿ ಎರಡಕ್ಕೂ ಒಂದೇ ಗುರುತು ಹಾಕಿದರೆ ಓದುವವರಿಗೆ ವ್ಯತ್ಯಾಸ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ. ಅಂದಿನಿಂದ ಫೈಲಿನಲ್ಲಿ ಸಿಗದ ಕಡೆ "?" ಹಾಕುತ್ತೇನೆ, ಖಚಿತವಾಗಿ ನೋಡಿದ ಮೇಲಷ್ಟೇ "ಇಲ್ಲ".

ಎಲ್ಲಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ಕೊರತೆಗಳ ಸಾಲು. ಗುಣವನ್ನೂ ಬೆಲೆಯನ್ನೂ ಪ್ಯಾಕೆಟ್ ತಿರುಗಿಸಿ ಓದಬಹುದು. ಕೊರತೆಯನ್ನು ಯಾವ ಕಂಪನಿಯೂ ಅಚ್ಚು ಹಾಕುವುದಿಲ್ಲ. ಹಾಗಾಗಿ ಪಿಪಿಟಿ ಮಾಡಿದವರ ಊಹೆ ಧಾರಾಳವಾಗಿ ನುಗ್ಗುವುದು ಇಲ್ಲೇ. ನಮ್ಮ ಫೈಲಿನಲ್ಲಿ ಇದ್ದದ್ದು ಹೀಗೆ: ಅ "ರುಚಿ ಸಾಧಾರಣ", ಆ "ಗ್ರಾಹಕರಲ್ಲಿ ಅಸಮಾಧಾನ", ಇ "ದುಬಾರಿ", ಈ "ಡಿಜಿಟಲ್‌ನಲ್ಲಿ ಹಿಂದೆ".

ಒಂದೊಂದನ್ನೂ ಹಿಡಿದು ಮೂರು ಮಾತು ಕೇಳಿದೆ: ಏನು ಕೊರತೆ, ಯಾರಿಗೆ, ಗೊತ್ತಾದದ್ದು ಹೇಗೆ? "ರುಚಿ ಸಾಧಾರಣ" ಎಂಬುದಕ್ಕೆ ಯಾವ ಆಧಾರವೂ ಇರಲಿಲ್ಲ, ತೆಗೆದೆ. "ದುಬಾರಿ" ಎಂಬುದು ಬೆಲೆಯ ಸಾಲಿನಲ್ಲಿ ಆಗಲೇ ಇದೆ, ಮತ್ತೆ ಬರೆದರೆ ಒಂದೇ ವಿಷಯವನ್ನು ಎರಡು ಸಲ ಎಣಿಸಿದಂತೆ. ಅಷ್ಟು ಬೆಲೆಗೆ ಕೊಳ್ಳುವವರೇ ಇ ಗಿರಾಕಿಗಳು, ಅವರಿಗೆ ಅದು ಕೊರತೆಯೂ ಅಲ್ಲ. "ಡಿಜಿಟಲ್‌ನಲ್ಲಿ ಹಿಂದೆ" ಎಂಬುದನ್ನು ಓದಿ ಅತ್ತಿಗೆಗೆ ಬೇಸರವೇ ಆಯಿತು. ಮನೆಯಿಂದ ನಡೆದು ಬಂದು, ಎದುರಿಗೆ ನಿಂತು ಪುಡಿ ಮಾಡಿಸಿಕೊಂಡು, ಬಿಸಿ ಪೊಟ್ಟಣ ಕೈಲಿ ಹಿಡಿದು ಹೋಗುವವರಿಗೆ ವೆಬ್‌ಸೈಟ್ ಇಲ್ಲದ್ದು ಯಾವ ಲೆಕ್ಕ?

"ಗ್ರಾಹಕರಲ್ಲಿ ಅಸಮಾಧಾನ" ಎಂಬುದಕ್ಕೆ ಮಾತ್ರ ಆಧಾರ ಕೊಟ್ಟಿದ್ದರು. 31ನೇ ಸ್ಲೈಡಿನಲ್ಲಿ 11 ಆನ್‌ಲೈನ್ ದೂರುಗಳ ಚಿತ್ರ ಅಂಟಿಸಿತ್ತು. ಕೂತು ಎಲ್ಲವನ್ನೂ ಓದಿದೆ. ಆರು ಕೊರಿಯರ್ ತಡವಾದದ್ದಕ್ಕೆ, ಮೂರು ದಾರಿಯಲ್ಲಿ ಪ್ಯಾಕೆಟ್ ಒಡೆದದ್ದಕ್ಕೆ, ರುಚಿಯ ಬಗ್ಗೆ ಎರಡೇ. ಸೂಪರ್ ಮಾರ್ಕೆಟ್ ಕಪಾಟಿನಿಂದ ಕೈಯಾರೆ ಎತ್ತಿಕೊಳ್ಳುವವರಿಗೆ ಮೊದಲ ಒಂಬತ್ತೂ ಸಂಬಂಧಿಸಿದ್ದಲ್ಲ. ಹೀಗೆ ಆಧಾರವಿದ್ದರೂ ನಮ್ಮ ಪ್ರಶ್ನೆಗೆ ಅದು ಸಲ್ಲುವುದಿಲ್ಲ.

ಆ ಪುಡಿಯ ನಿಜವಾದ ಕೊರತೆ ಕೊರತೆಗಳ ಸ್ಲೈಡಿನಲ್ಲಿ ಇರಲೇ ಇಲ್ಲ. ಅದು ಗುಣಗಳ ಸಾಲಿನಲ್ಲಿ ಕೂತಿತ್ತು: ಅತಿ ಸಣ್ಣ ಪ್ಯಾಕೆಟ್ 500 ಗ್ರಾಂ. ಮೂರು ಅಂಗಡಿ ಸುತ್ತಿದರೂ ಅದಕ್ಕಿಂತ ಚಿಕ್ಕದು ಕಪಾಟಿನಲ್ಲಿ ಸಿಗಲಿಲ್ಲ. ಇಬ್ಬರೇ ಇರುವ ಮನೆಯಲ್ಲಿ ಅರ್ಧ ಕಿಲೋ ಪುಡಿ ಮುಗಿಯುವಷ್ಟರಲ್ಲಿ ಘಮ ಹೋಗಿರುತ್ತದೆ. ಮೊದಲ ಸಲ ರುಚಿ ನೋಡುವವರು 350 ರೂಪಾಯಿ ಒಟ್ಟಿಗೆ ಕೊಡಬೇಕು. ಐದೂ ಕಾಲಂಗಳು ಅಕ್ಕಪಕ್ಕ ಬಂದ ಮೇಲಷ್ಟೇ ಇದು ಕಂಡದ್ದು. 14ನೇ ಸ್ಲೈಡಿನಲ್ಲಿ ಆ ಪ್ಯಾಕೆಟ್, 22ರಲ್ಲಿ ನಮ್ಮದು ಇದ್ದಾಗ ಯಾರಿಗೂ ಕಂಡಿರಲಿಲ್ಲ.

ನಮ್ಮ ಕಾಲಂನಲ್ಲಿ ಕೊರತೆಯ ಮನೆಯನ್ನು ಪಿಪಿಟಿ ಖಾಲಿ ಬಿಟ್ಟಿತ್ತು. ಹಣ ಕೊಟ್ಟವರ ತಪ್ಪು ಹೇಳಲು ಸಲಹೆಗಾರರಿಗೆ ಮುಜುಗರ ಆಗಿರಬೇಕು. ನಾನು ಅಣ್ಣನನ್ನೇ ಕೇಳಿದೆ, ಅವನು ಸುಮ್ಮನಿದ್ದ. ಅತ್ತಿಗೆ ಕಪಾಟಿನಿಂದ ನಮ್ಮದೇ ಒಂದು ಪ್ಯಾಕೆಟ್ ತೆಗೆದು, ಹಿಂದಿನ ಪ್ಯಾಕಿಂಗ್ ತಾರೀಖಿನ ಮೇಲೆ ಹೆಬ್ಬೆರಳಿಟ್ಟು ಒಮ್ಮೆ ಉಜ್ಜಿದರು. ನೇರಳೆ ಶಾಯಿ ಬೆರಳಿಗೆ ಬಂತು, ತಾರೀಖು ಮಸುಕಾಯಿತು. "ಇದನ್ನ ಬರಿ," ಅಂದರು. ಬರೆದೆ. ಅ ಪ್ಯಾಕೆಟ್ಟಿನ ಮೇಲೆ ಪ್ಯಾಕ್ ಮಾಡಿದ ತಿಂಗಳಷ್ಟೇ ಇತ್ತು, ಅದೂ ಐದು ತಿಂಗಳ ಹಿಂದಿನದು. ವಾರದೊಳಗೆ ಹುರಿದು ಕಳಿಸುವುದೇ ನಮ್ಮ ಬಲ. ಆ ಬಲವನ್ನು ಹೇಳುವ ಒಂದೇ ಗುರುತು ಉಜ್ಜಿದರೆ ಅಳಿಸಿಹೋಗುತ್ತಿತ್ತು.

ಭಾನುವಾರ ರಾತ್ರಿ ಮುದ್ರಿಸಿದ ಪುಟ ಹೀಗಿತ್ತು. ಮೂಲದಲ್ಲಿ ಒಂದೊಂದು ಮನೆಗೂ ಸ್ಲೈಡಿನ ಸಂಖ್ಯೆ ಇಲ್ಲವೇ "ಪ್ಯಾಕೆಟ್ ನೋಡಿದ್ದು" ಎಂಬ ಗುರುತು, ಬೆಲೆಗಳ ಪಕ್ಕ ತಾರೀಖು ಇದ್ದವು, ಇಲ್ಲಿ ಜಾಗಕ್ಕಾಗಿ ಬಿಟ್ಟಿದ್ದೇನೆ.

| | ಅ | ಆ | ಇ | ಈ | ನಮ್ಮದು |
|---|---|---|---|---|---|
| ಕಾಫಿ:ಚಿಕೋರಿ | 60:40 | 70:30 | 100:0 | ಕೇಳಿದಂತೆ (ಇಲ್ಲಿನ ದರ 80:20ಕ್ಕೆ) | 80:20 |
| ಸಣ್ಣ ಪ್ಯಾಕೆಟ್, ಎಂಆರ್‌ಪಿ | 200 ಗ್ರಾಂ, ₹165 | 500 ಗ್ರಾಂ, ₹350 | 250 ಗ್ರಾಂ, ₹450 (ಕೊರಿಯರ್ ₹60 ಬೇರೆ) | ಬಿಡಿ, 250 ಗ್ರಾಂಗೆ ₹160 | 250 ಗ್ರಾಂ, ₹190 |
| ಕಿಲೋಗೆ | ₹825 | ₹700 | ₹1,800 | ₹640 | ₹760 |
| ಒಳಗಿನ ಕಾಫಿಯ ಕಿಲೋಗೆ (ಅಂದಾಜು) | ₹1,375 | ₹1,000 | ₹1,800 | ₹800 | ₹950 |
| ಪುಡಿ ಎಂದಿನದು? | ತಿಂಗಳು ಮಾತ್ರ | ಪ್ಯಾಕಿಂಗ್ ದಿನ | ಹುರಿದ ದಿನ | ಕಣ್ಣೆದುರೇ | ಪ್ಯಾಕಿಂಗ್ ದಿನ |
| ವಾಲ್ವ್ | ಇಲ್ಲ | ಇದೆ | ಇದೆ | ಅನ್ವಯಿಸದು | ಇಲ್ಲ |
| ಕೊರತೆ | ಕಪಾಟಿನಲ್ಲಿ ಹಳೆಯ ಸರಕು (ಒಂದು ಅಂಗಡಿಯಲ್ಲಿ ನೋಡಿದ್ದು) | 500 ಗ್ರಾಂಗಿಂತ ಚಿಕ್ಕದಿಲ್ಲ (ಮೂರು ಅಂಗಡಿ) | ಅಂಗಡಿಯಲ್ಲಿ ಸಿಗದು | ಅಲ್ಲಿಗೇ ಹೋಗಬೇಕು | ತಾರೀಖು ಅಳಿಯುತ್ತದೆ. ಮೈಸೂರಿಗೆ ಹೊಸ ಹೆಸರು |
| ಅಂಗಡಿಯವರ ಮಾರ್ಜಿನ್ | ? | ? | ಅನ್ವಯಿಸದು | ಅನ್ವಯಿಸದು | ಮಾತಾಡಬೇಕು |

ಅ ಕೊರತೆಯ ಮನೆಯಲ್ಲಿ "ಒಂದು ಅಂಗಡಿಯಲ್ಲಿ" ಎಂದು ಬರೆದದ್ದಕ್ಕೆ ಅಣ್ಣ ತಕರಾರು ತೆಗೆದ, ತೂಕ ಕಮ್ಮಿಯಾಗುತ್ತದೆ ಎಂದು. ನೋಡಿದ್ದು ಒಂದೇ ಅಂಗಡಿ, ಅದೂ ಹಾಸನದಲ್ಲಿ. ಡಿಸ್ಟ್ರಿಬ್ಯೂಟರ್ ಮೈಸೂರಿನ ಕಪಾಟುಗಳನ್ನು ದಿನಾ ನೋಡುವವರು. ಅಲ್ಲಿ ಸರಕು ಬೇಗ ತಿರುಗುತ್ತಿದ್ದರೆ ನಮ್ಮ ಇಡೀ ಪುಟದ ಮೇಲಿನ ನಂಬಿಕೆ ಆ ಒಂದು ಮನೆಯಿಂದಲೇ ಹೋಗುತ್ತಿತ್ತು.

ಪುಟದ ಮೇಲೆ ಉಳಿದ ಎರಡು ಪ್ರಶ್ನಾರ್ಥಕ ಚಿಹ್ನೆಗಳು ಮಾರ್ಜಿನ್ ಸಾಲಿನವು. 42 ಸ್ಲೈಡುಗಳಲ್ಲಿ ಎಲ್ಲೂ ಅದರ ಸುದ್ದಿ ಇರಲಿಲ್ಲ. ಅಂಗಡಿಯವರು ಯಾವ ಪ್ಯಾಕೆಟ್ಟನ್ನು ಕಣ್ಣಿಗೆ ಕಾಣುವ ಎತ್ತರದಲ್ಲಿ ಇಡುತ್ತಾರೆ ಎಂಬುದು ನಿಂತಿರುವುದು ಅದರ ಮೇಲೆಯೇ. ಸೋಮವಾರ ಅಣ್ಣ ಬೆಲೆಯ ಮಾತೆತ್ತುವ ಮೊದಲು ಆ ಎರಡು ಮನೆಗಳ ಮೇಲೆ ಬೆರಳಿಟ್ಟು, "ಇವೆರಡು ನಮಗೆ ಗೊತ್ತಿಲ್ಲ ಸಾರ್, ನೀವೇ ಹೇಳ್ಬೇಕು," ಎಂದು ಕೇಳಿದನಂತೆ. ಅವರು ಪೆನ್ನು ತೆಗೆದು ತಾವೇ ತುಂಬಿಕೊಟ್ಟರು. 190ರ ಬೆಲೆಗೆ ಅವರ ತಕರಾರೇನೂ ಇರಲಿಲ್ಲ. ತಾರೀಖಿನ ಮುದ್ರೆ ಸರಿಮಾಡಿ ಮೊದಲ ಲೋಡು ಕಳಿಸಿ ಎಂದರು.